ಆಡುಮಾತಿನ ವ್ಯಾಕರಣ, ಬರಹದ ವ್ಯಾಕರಣ: ಕಲಬುರಗಿ ಮತ್ತು ಕಮಲಾಪುರದ ಕನ್ನಡ

ಒಂದೇ ಭಾಷೆಯನ್ನು ಆಡುವಾಗ ಮತ್ತು ಬರೆಯುವಾಗ ಪದಗಳ ರೂಪ, ವಾಕ್ಯದ ಕಟ್ಟಡ, ಪದಗಳ ಕ್ರಮ ಬೇರೆಬೇರೆಯಾಗುತ್ತವೆ. ಈ ವ್ಯತ್ಯಾಸಗಳ ವ್ಯವಸ್ಥಿತ ವಿವರಣೆಗೆ ಆಡುಮಾತಿನ ವ್ಯಾಕರಣ ಎಂದು ಹೆಸರು. ತುಣುಕು ವಾಕ್ಯ, ಪುನರುಕ್ತಿ ಮತ್ತು ಪದಸಂಕೋಚನ ಇದರ ಮೂರು ಮುಖ್ಯ ವಿಷಯಗಳು. ಇವನ್ನು ಅವಸರದ ಅಥವಾ ಓದಿಲ್ಲದವರ ತಪ್ಪುಗಳೆಂದು ಬಹುಕಾಲ ಎಣಿಸಲಾಗಿತ್ತು. ಹತ್ತಿರದಿಂದ ನೋಡಿದರೆ ಮೂರಕ್ಕೂ ನಿಯಮಗಳಿವೆ. ಆ ನಿಯಮ ಮೀರಿದರೆ ಆಡುವವರಿಗೇ ಅದು ತಪ್ಪೆಂದು ಕೇಳಿಸುತ್ತದೆ. ಈ ಲೇಖನವು ಕಲಬುರಗಿ ನಗರ ಮತ್ತು ಅಲ್ಲಿಂದ ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿ.ಮೀ. ದೂರದಲ್ಲಿರುವ ಕಮಲಾಪುರದ ಮಾತನ್ನು ಆಧಾರವಾಗಿಟ್ಟುಕೊಂಡು ಆ ನಿಯಮಗಳನ್ನು ವಿವರಿಸುತ್ತದೆ. ಇಲ್ಲಿನ ಉದಾಹರಣೆಗಳು ಆ ಭಾಗದ ಬಳಕೆಯನ್ನು ತೋರಿಸಲು ರಚಿಸಿದವು.

ಹಿನ್ನೆಲೆ

ಮಾತು ಮತ್ತು ಬರಹದ ನಡುವಣ ಅಂತರದ ಚರ್ಚೆ ಕಲಬುರಗಿ ಸೀಮೆಗೆ ಹೊಸದಲ್ಲ. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಲಕ್ಷಣಗ್ರಂಥ ‘ಕವಿರಾಜಮಾರ್ಗ’ 9ನೆಯ ಶತಮಾನದಲ್ಲಿ ರಾಷ್ಟ್ರಕೂಟರ ಆಸ್ಥಾನದಲ್ಲಿ ಹುಟ್ಟಿತು. ಅವರ ರಾಜಧಾನಿ ಮಾನ್ಯಖೇಟ ಇಂದಿನ ಸೇಡಂ ತಾಲ್ಲೂಕಿನ ಮಳಖೇಡ. ಅದು ಕಲಬುರಗಿಯಿಂದ ಸುಮಾರು 40 ಕಿ.ಮೀ. ದೂರದಲ್ಲಿದೆ. ‘ಕವಿರಾಜಮಾರ್ಗ’ದ ಕರ್ತೃ ಶ್ರೀವಿಜಯ ಕನ್ನಡದಲ್ಲಿ ಪ್ರದೇಶಕ್ಕೊಂದು ಬಗೆಯ ಮಾತಿರುವುದನ್ನೂ, ಅವೆಲ್ಲವನ್ನೂ ಲೆಕ್ಕಕ್ಕೆ ತರುವುದು ಎಷ್ಟು ಕಷ್ಟವೆಂಬುದನ್ನೂ ಗುರುತಿಸಿದ್ದಾನೆ. ಕನ್ನಡದ ತಿರುಳು ಇರುವ ನೆಲವೆಂದು ಅವನು ಹೇಳಿದ್ದು ಕಿಸುವೊಳಲ್, ಕೊಪಣ, ಪುಲಿಗೆರೆ ಮತ್ತು ಒಕ್ಕುಂದಗಳ ನಡುವಣ ಭಾಗವನ್ನು. ರಾಜಧಾನಿಯ ಸುತ್ತಲ ಸೀಮೆ ಆ ಎಲ್ಲೆಯ ಹೊರಗೇ ಉಳಿಯಿತು. ಬರಹಕ್ಕೆ ಮಾದರಿಯಾಗುವ ಮಾತು ಒಂದು ಕಡೆ, ನಿತ್ಯ ಆಡುವ ಮಾತು ಇನ್ನೊಂದು ಕಡೆ ಎಂಬ ಸ್ಥಿತಿ ಇಲ್ಲಿ ಅಷ್ಟು ಹಳೆಯದು.

ಹತ್ತಿರದ ಇತಿಹಾಸ ಈ ಅಂತರವನ್ನು ಹಿಗ್ಗಿಸಿತು. 1948ರ ಸೆಪ್ಟೆಂಬರ್‌ವರೆಗೆ ಈ ಪ್ರದೇಶ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. ಕಚೇರಿಯ ಭಾಷೆಯೂ ಮೇಲಿನ ಶಿಕ್ಷಣದ ಭಾಷೆಯೂ ಉರ್ದುವಾಗಿದ್ದವು. 1956ರ ಏಕೀಕರಣದ ನಂತರ ಶಾಲೆ, ಕಚೇರಿ, ಪತ್ರಿಕೆಗಳ ಮೂಲಕ ಹರಡಿದ ಶಿಷ್ಟ ಬರಹಗನ್ನಡ ಬಹುಮಟ್ಟಿಗೆ ಮೈಸೂರು ಮತ್ತು ಧಾರವಾಡಗಳಲ್ಲಿ ರೂಪುಗೊಂಡದ್ದು. ಹಾಗಾಗಿ ಕಲಬುರಗಿಯ ಮಗು ಶಾಲೆಗೆ ಹೋದಾಗ ಅಕ್ಷರದ ಜೊತೆಗೆ ಬೇರೊಂದು ಕ್ರಿಯಾಪದ ವ್ಯವಸ್ಥೆಯನ್ನೂ ಕಲಿಯಬೇಕಾಗುತ್ತದೆ. ಮನೆಯಲ್ಲಿ ‘ಅದ’ ಎಂದದ್ದು ಪುಸ್ತಕದಲ್ಲಿ ‘ಇದೆ’. ‘ಮನ್ಯಾಗ’ ಎಂದದ್ದು ‘ಮನೆಯಲ್ಲಿ’. ‘ಮನಿಗಿ’ ಎಂದದ್ದು ‘ಮನೆಗೆ’.

ಮಾತಿನ ಘಟಕ

ಬರಹದ ಅಳತೆ ವಾಕ್ಯ. ಪೂರ್ಣವಿರಾಮ ಅದರ ಗಡಿ. ಮಾತಿನಲ್ಲಿ ಪೂರ್ಣವಿರಾಮ ಇಲ್ಲ. ಅಲ್ಲಿನ ಅಳತೆ ಒಂದು ಉಸಿರಿನಲ್ಲಿ, ಒಂದು ಸ್ವರದ ಏರಿಳಿತದಲ್ಲಿ ಮುಗಿಯುವ ಸಣ್ಣ ಉಲಿ. ಆಡುವವನು ಮುಂದಿನ ಉಲಿಯನ್ನು ಯೋಚಿಸುತ್ತಲೇ ಈಗಿನದನ್ನು ಹೇಳುತ್ತಿರುತ್ತಾನೆ. ಕೇಳುವವನು ಎದುರಿಗೇ ಇರುವುದರಿಂದ ಅವನಿಗೆ ಕಾಣುವುದನ್ನು ಹೇಳಬೇಕಾಗಿಲ್ಲ. ಅವನಿಗೆ ತಿಳಿಯಲಿಲ್ಲವೆಂದರೆ ಕೂಡಲೇ ಸರಿಪಡಿಸಬಹುದು. ಬರೆಯುವವನಿಗೆ ಯೋಚಿಸಲು ಸಮಯವಿದೆ, ಎದುರಿಗೆ ಓದುಗನಿಲ್ಲ. ಎರಡು ವ್ಯಾಕರಣಗಳ ನಡುವಣ ಹೆಚ್ಚಿನ ವ್ಯತ್ಯಾಸಗಳು ಈ ಎರಡು ಕಾರಣಗಳಿಂದ, ಅಂದರೆ ಸಮಯದಿಂದ ಮತ್ತು ಎದುರಿರುವಿಕೆಯಿಂದ, ಹುಟ್ಟುತ್ತವೆ.

ಪದಗಳ ಕ್ರಮದಲ್ಲೇ ಇದು ಕಾಣುತ್ತದೆ. ಕನ್ನಡ ಬರಹದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಮಾತಿನಲ್ಲಿ ಕ್ರಿಯಾಪದ ಮುಗಿದ ಮೇಲೂ ಕರ್ತೃವೋ ಕರ್ಮವೋ ಬಂದು ಸೇರುತ್ತದೆ: ‘ಎಲ್ಲಿ ಇಟ್ಟಿ, ಚೀಲ?’, ‘ಛಲೋ ಅದ, ಈ ಹಣ್ಣ.’ ಮುಖ್ಯ ವಿಷಯ ಮೊದಲು ಹೇಳಿ, ಕೇಳುವವನಿಗೆ ಗೊಂದಲವಾದೀತು ಎನಿಸಿದಾಗ ಹೆಸರನ್ನು ಹಿಂದಿನಿಂದ ಜೋಡಿಸುವ ಕ್ರಮ ಇದು. ಇದಕ್ಕೆ ಎದುರಾದ ಕ್ರಮವೂ ಇದೆ: ‘ಆ ಕೆಂಪ ಬಾಳಿಹಣ್ಣ, ಅದು ಎಲ್ಲಿ ಸಿಗ್ತದ?’ ಇಲ್ಲಿ ಹೆಸರನ್ನು ಮೊದಲೇ ಎತ್ತಿ ಇಟ್ಟು, ಆಮೇಲೆ ‘ಅದು’ ಎಂಬ ಸರ್ವನಾಮದಿಂದ ವಾಕ್ಯ ಕಟ್ಟಲಾಗಿದೆ. ಬರಹದಲ್ಲಿ ‘ಅದು’ ಅನಗತ್ಯವೆನಿಸಬಹುದು. ಮಾತಿನಲ್ಲಿ, ಯಾವುದರ ಬಗ್ಗೆ ಕೇಳುತ್ತಿದ್ದೇನೆ ಎಂದು ಎದುರಿನವರು ಹಿಡಿಯಲು ಅದು ಬಿಡುವು ಕೊಡುತ್ತದೆ.

ತುಣುಕು ವಾಕ್ಯಗಳು

ಯಾವುದು ತುಣುಕು, ಯಾವುದು ಅಲ್ಲ ಎಂಬುದನ್ನು ಮೊದಲು ಬೇರ್ಪಡಿಸಬೇಕು. ‘ಅವರು ನಮ್ಮ ಮಾವ’ ಎಂಬಲ್ಲಿ ಕ್ರಿಯಾಪದವಿಲ್ಲ, ಆದರೂ ಅದು ಪೂರ್ಣ ವಾಕ್ಯ. ಬರಹದಲ್ಲೂ ಹಾಗೆಯೇ ಬರೆಯುತ್ತೇವೆ. ‘ನಾಳಿ ಬರ್ತೀನಿ’ ಎಂಬಲ್ಲಿ ‘ನಾನು’ ಇಲ್ಲ, ಆದರೆ ‘-ಈನಿ’ ಎಂಬ ಪ್ರತ್ಯಯವೇ ಕರ್ತೃವನ್ನು ಹೇಳುತ್ತದೆ. ಇವೆರಡೂ ಕನ್ನಡದ ಸಾಮಾನ್ಯ ವಾಕ್ಯರಚನೆಗಳು. ಇಂಗ್ಲಿಷ್ ವ್ಯಾಕರಣದ ಅಳತೆಯಲ್ಲಿ ಇವನ್ನು ಅಪೂರ್ಣವೆನ್ನುವುದು ತಪ್ಪಾಗುತ್ತದೆ. ಕ್ರಿಯಾಪದವೇ ಮುಖ್ಯವಾಗಿದ್ದು, ಅದನ್ನು ಹೇಳದೆ ಬಿಟ್ಟಿರುವ ಉಲಿ ಮಾತ್ರ ನಿಜವಾದ ತುಣುಕು.

ಕಲಬುರಗಿಯಿಂದ ಕಮಲಾಪುರಕ್ಕೆ ಹೋಗುವ ಬಸ್ಸಿನಲ್ಲಿ ಟಿಕೆಟ್ ಕೊಡುವ ಮಾತು ಪೂರ್ತಿ ಇಂಥ ತುಣುಕುಗಳಿಂದಲೇ ನಡೆಯಬಲ್ಲದು:

‘ಎಲ್ಲಿಗ್ರಿ?’
‘ಕಮಲಾಪುರಕ.’
‘ಎಷ್ಟ ಮಂದಿ?’
‘ಇಬ್ರು. ಒಂದು ಅರ್ಧ.’

2023ರ ಜೂನ್‌ನಲ್ಲಿ ರಾಜ್ಯದ ಮಹಿಳೆಯರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ‘ಆಧಾರ್?’ ಎಂಬ ಒಂದೇ ಪದದ ಪ್ರಶ್ನೆಯೂ ಈ ಮಾತಿಗೆ ಸೇರಿಕೊಂಡಿದೆ. ಗುರುತಿನ ಚೀಟಿ ತೋರಿಸಿ ಎಂಬ ಇಡೀ ಕೋರಿಕೆ ಆ ಪದದ ಏರುದನಿಯಲ್ಲಿದೆ.

ಇಲ್ಲಿ ಗಮನಿಸಬೇಕಾದದ್ದು ವಿಭಕ್ತಿ. ‘ಎಲ್ಲಿಗ್ರಿ’ ಎಂಬುದಕ್ಕೆ ‘ಕಮಲಾಪುರಕ’ ಎಂದು ಚತುರ್ಥಿಯಲ್ಲೇ ಉತ್ತರ ಬರುತ್ತದೆ. ‘ಕಮಲಾಪುರದಾಗ’ ಎಂದು ಸಪ್ತಮಿಯಲ್ಲಿ ಹೇಳಿದರೆ ಯಾರಿಗೂ ಸರಿಯೆನಿಸದು. ‘ಯಾರಿಗಿ ಬೇಕು?’ ಎಂದರೆ ‘ನನಗ’ ಎನ್ನಬೇಕೇ ಹೊರತು ‘ನಾನು’ ಎನ್ನುವಂತಿಲ್ಲ. ‘ಹೋಗು’, ‘ಬೇಕು’ ಎಂಬ ಕ್ರಿಯಾಪದಗಳು ಕಿವಿಗೆ ಬೀಳದಿದ್ದರೂ ತಮ್ಮ ಅಧೀನದ ಪದಕ್ಕೆ ವಿಭಕ್ತಿಯನ್ನು ಕೊಡುತ್ತಲೇ ಇವೆ. ತುಣುಕು ವಾಕ್ಯ ವ್ಯಾಕರಣದ ಹೊರಗಿನದಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಕಿಲ್ಲ. ಹಾಗೆಯೇ ‘ಎಲ್ಲಿಗಿ’ ಎಂಬುದಕ್ಕೆ ‘ರೀ’ ಸೇರಿ ‘ಎಲ್ಲಿಗ್ರಿ’ ಆಗಿದೆ. ಕ್ರಿಯಾಪದವಿದ್ದಿದ್ದರೆ ಗೌರವ ಅದರ ಪ್ರತ್ಯಯದಲ್ಲಿ ಕಾಣುತ್ತಿತ್ತು. ಅದಿಲ್ಲದಾಗ ಗೌರವವನ್ನು ಹೊರಲು ‘ರೀ’ ಮುಂದೆ ಬರುತ್ತದೆ. ವಾಕ್ಯ ತುಂಡಾಗಿದೆಯೆಂದು ಮರ್ಯಾದೆ ತುಂಡಾಗುವುದಿಲ್ಲ.

ಎರಡನೆಯ ಬಗೆಯ ತುಣುಕು ಅರ್ಧಕ್ಕೆ ನಿಲ್ಲಿಸಿದ ವಾಕ್ಯ. ಬಸ್ಸಿನ ಸೀಟಿನಲ್ಲಿ ಜಾಗ ಬೇಕಾದವರು ‘ಜರಾ ಆ ಕಡಿ ಸರದ್ರ…’ ಎಂದು ನಿಲ್ಲಿಸುತ್ತಾರೆ. ‘ಸರಿದರೆ’ ಎಂಬ ಷರತ್ತು ಇದೆ, ಅದರ ಫಲ ಏನೆಂದು ಹೇಳಿಲ್ಲ. ಫಲ ಎದುರಿನವರಿಗೆ ಗೊತ್ತು; ಅದನ್ನು ಬಾಯಿಬಿಟ್ಟು ಹೇಳದೇ ಇರುವುದರಿಂದ ಆಜ್ಞೆಯ ಬಿರುಸು ಹೋಗಿ ವಿನಂತಿ ಉಳಿಯುತ್ತದೆ. ಬರಹದಲ್ಲಿ ಇಂಥದು ಅಪೂರ್ಣ ವಾಕ್ಯ. ಮಾತಿನಲ್ಲಿ ಸೌಜನ್ಯದ ಒಂದು ಸಿದ್ಧರೂಪ. ಇದು ಮರೆತು ನಿಲ್ಲಿಸಿದ ಮಾತಲ್ಲ ಎಂದು ದನಿಯಿಂದ ತಿಳಿಯುತ್ತದೆ: ಹೇಳಿದವರು ಮುಂದಿನ ಪದಕ್ಕಾಗಿ ತಡಕಾಡದೆ, ಉತ್ತರಕ್ಕಾಗಿ ಕಾಯುತ್ತಾರೆ.

ತುಣುಕುಗಳ ಪ್ರಮಾಣ ಕನ್ನಡದಲ್ಲಷ್ಟೇ ದೊಡ್ಡದಲ್ಲ. ಡಗ್ಲಾಸ್ ಬೈಬರ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ, ಇಂಗ್ಲಿಷಿನ ಮಾತು ಮತ್ತು ಬರಹ ಎರಡನ್ನೂ ಒಳಗೊಂಡ ದೊಡ್ಡ ವ್ಯಾಕರಣದಲ್ಲಿ, ಸಂಭಾಷಣೆಯ ಘಟಕಗಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಪೂರ್ಣ ಉಪವಾಕ್ಯಗಳಲ್ಲವೆಂದು ಕಂಡುಬಂದಿತು.

ಪುನರುಕ್ತಿ

ಮಾತಿನಲ್ಲಿ ಒಂದೇ ಪದ ಎರಡು ಬಾರಿ ಕೇಳಿಸಿದಾಗ ಅದು ವ್ಯಾಕರಣದ ದ್ವಿರುಕ್ತಿಯೋ, ಮಾತು ಸರಿಪಡಿಸಿಕೊಳ್ಳುವ ಪುನರುಕ್ತಿಯೋ ಎಂದು ತಿಳಿಯಬೇಕು. ಎರಡನ್ನೂ ಬೇರ್ಪಡಿಸಲು ಕನ್ನಡದಲ್ಲಿ ಒಂದು ಒಳ್ಳೆಯ ಒರೆಗಲ್ಲಿದೆ: ವಿಭಕ್ತಿ ಪ್ರತ್ಯಯ ಎಲ್ಲಿ ಹತ್ತಿದೆ ಎಂದು ನೋಡುವುದು.

‘ಮನಿ ಮನಿಗಿ ಹೋದ’ ಎಂದರೆ ಪ್ರತಿಯೊಂದು ಮನೆಗೂ ಹೋದ ಎಂದರ್ಥ. ಇಲ್ಲಿ ಪ್ರತ್ಯಯ ಕೊನೆಯ ಪದಕ್ಕೆ ಮಾತ್ರ ಇದೆ, ಎರಡು ಪದಗಳೂ ಒಂದೇ ಉಸಿರಿನಲ್ಲಿ ಬರುತ್ತವೆ. ‘ಮನಿಗಿ… ಮನಿಗಿ ಹೋದ’ ಎಂದರೆ ಅವನು ಹೋದದ್ದು ಒಂದೇ ಮನೆಗೆ. ಹೇಳುವವನು ಮುಂದಿನ ಪದವನ್ನು ಹುಡುಕುತ್ತಿದ್ದ, ಅಥವಾ ಗದ್ದಲದಲ್ಲಿ ಕೇಳಿಸಲಿಲ್ಲವೆಂದು ಮತ್ತೊಮ್ಮೆ ಹೇಳಿದ. ಇಲ್ಲಿ ಪ್ರತ್ಯಯ ಎರಡಕ್ಕೂ ಇದೆ, ನಡುವೆ ಬಿಡುವೂ ಇದೆ. ಮೊದಲನೆಯದನ್ನು ಬರಹದಲ್ಲಿ ಉಳಿಸಬೇಕು, ಏಕೆಂದರೆ ತೆಗೆದರೆ ಅರ್ಥ ಕೆಡುತ್ತದೆ. ಎರಡನೆಯದನ್ನು ತೆಗೆಯಬಹುದು.

ಇವೆರಡರ ನಡುವೆ ನಿಲ್ಲುವುದು ಪ್ರತಿಧ್ವನಿ ಪದ. ‘ರೊಟ್ಟಿ-ಗಿಟ್ಟಿ’, ‘ಹಣ್ಣ-ಗಿಣ್ಣ’, ‘ಮಾತ-ಗೀತ’, ‘ಬಾಳಿ-ಗೀಳಿ’ ಎಂಬಲ್ಲಿ ಎರಡನೆಯ ಪದದ ಮೊದಲ ಅಕ್ಷರ ‘ಗಿ’ ಅಥವಾ ‘ಗೀ’ ಆಗುತ್ತದೆ. ಮೂಲ ಪದದ ಮೊದಲ ಸ್ವರ ಹ್ರಸ್ವವಾದರೆ ‘ಗಿ’, ದೀರ್ಘವಾದರೆ ‘ಗೀ’. ಉಳಿದ ಭಾಗ ಹಾಗೆಯೇ ಉಳಿಯುತ್ತದೆ. ಶಾಲೆಗೆ ಹೋಗದ ಮಗುವೂ ಈ ನಿಯಮವನ್ನು ತಪ್ಪದೆ ಪಾಲಿಸುತ್ತದೆ. ನಿನ್ನೆ ಮೊನ್ನೆ ಬಂದ ‘ಮೊಬೈಲ್’ ಪದಕ್ಕೂ ‘ಗಿಬೈಲ್’ ಎಂದು ಜೋಡಿ ಕಟ್ಟುತ್ತದೆ. ಅರ್ಥ: ಅದು ಮತ್ತು ಅದರಂಥವು. ಈ ರೂಪ ಕನ್ನಡದಾದ್ಯಂತ ಇದ್ದರೂ ಬಿಗಿಯಾದ ಗದ್ಯದಲ್ಲಿ ಬರುವುದು ವಿರಳ. ಅಲ್ಲಿ ‘ಮುಂತಾದ’, ‘ಇತ್ಯಾದಿ’ ಪದಗಳು ಅದರ ಕೆಲಸ ಮಾಡುತ್ತವೆ.

ಕಥೆ ಹೇಳುವಾಗ ಕಾಣುವ ಇನ್ನೊಂದು ಪುನರುಕ್ತಿ ವಾಕ್ಯಗಳನ್ನು ಕೊಂಡಿಯಂತೆ ಹೆಣೆಯುತ್ತದೆ: ‘ಊರಿಗಿ ಹೋದ. ಹೋಗಿ ನೋಡ್ತಾನ, ಮನ್ಯಾಗ ಯಾರೂ ಇಲ್ಲ.’ ಮೊದಲ ವಾಕ್ಯದ ಕ್ರಿಯಾಪದವೇ ‘ಹೋಗಿ’ ಎಂಬ ಕೃದಂತವಾಗಿ ಎರಡನೆಯದನ್ನು ಶುರು ಮಾಡುತ್ತದೆ. ಬರಹದಲ್ಲಿ ‘ಊರಿಗೆ ಹೋಗಿ ನೋಡಿದಾಗ ಮನೆಯಲ್ಲಿ ಯಾರೂ ಇರಲಿಲ್ಲ’ ಎಂದು ಒಂದೇ ವಾಕ್ಯ ಸಾಕು. ಆದರೆ ಕೇಳುವವನು ಹಿಂದಿನ ಸಾಲಿಗೆ ಮರಳಿ ಹೋಗಿ ಓದಲಾರ. ಅವನಿಗಾಗಿ ಮಾತು ಪ್ರತಿ ಹೆಜ್ಜೆಯಲ್ಲೂ ಹಿಂದಿನ ಘಟನೆಯನ್ನು ನೆನಪಿಸಿ ಮುಂದೆ ಸಾಗುತ್ತದೆ. ಜೊತೆಗೆ ‘ನೋಡಿದ’ ಎಂಬ ಭೂತಕಾಲ ‘ನೋಡ್ತಾನ’ ಎಂದು ವರ್ತಮಾನಕ್ಕೆ ತಿರುಗಿ, ಘಟನೆ ಕಣ್ಣಮುಂದೆ ಬರುತ್ತದೆ.

ಸಂಕೋಚನ: ‘ಹತ್ತು’ ಧಾತು ಪ್ರತ್ಯಯವಾದ ಬಗೆ

ಪದಗಳು ಮಾತಿನಲ್ಲಿ ಕುಗ್ಗುವುದು ಎಲ್ಲ ಕನ್ನಡದಲ್ಲೂ ಇದೆ. ‘ತೆಗೆದುಕೊಂಡು’ ಎಂಬುದು ‘ತಗೊಂಡು’ ಆಗುತ್ತದೆ, ‘ಹೇಳಿದನು’ ಎಂಬುದು ‘ಹೇಳ್ದ’ ಆಗುತ್ತದೆ. ಪದದ ನಡುವಣ ಹ್ರಸ್ವ ಸ್ವರ ಬಿದ್ದು ವ್ಯಂಜನಗಳು ಹತ್ತಿರ ಬರುವುದು ಇದರ ಸಾಮಾನ್ಯ ಹಾದಿ. ಕಲಬುರಗಿ ಭಾಗದ ಒಂದು ಸಂಕೋಚನ ಮಾತ್ರ ಇದಕ್ಕಿಂತ ಮುಂದೆ ಹೋಗಿ ಹೊಸ ಕ್ರಿಯಾರೂಪವನ್ನೇ ಕಟ್ಟಿದೆ. ಅದನ್ನು ಹಂತಹಂತವಾಗಿ ನೋಡುವುದು ಒಳ್ಳೆಯದು.

ಈಗ ನಡೆಯುತ್ತಿರುವ ಕೆಲಸವನ್ನು ಹೇಳಲು ಬರಹಗನ್ನಡ ‘ಮಾಡುತ್ತಿದ್ದಾನೆ’ ಎನ್ನುತ್ತದೆ. ಕಲಬುರಗಿಯಲ್ಲಿ ‘ಮಾಡ್ಲತ್ತಾನ’ ಎನ್ನುತ್ತಾರೆ. ಇದರ ಮೂಲದಲ್ಲಿರುವುದು ‘ಮಾಡಲಿಕ್ಕೆ’ ಮತ್ತು ‘ಹತ್ತು’ ಎಂಬ ಎರಡು ಪದಗಳು. ‘ಹತ್ತು’ ಧಾತುವಿಗೆ ಏರು, ಅಂಟು ಎಂಬ ಅರ್ಥಗಳಂತೆ ತೊಡಗು ಎಂಬ ಅರ್ಥವೂ ಇದೆ. ‘ಮಾಡಲಿಕ್ಕೆ ಹತ್ತಿದ್ದಾನೆ’ ಎಂದರೆ ಮಾಡುವುದಕ್ಕೆ ತೊಡಗಿದ್ದಾನೆ. ಉತ್ತರ ಕರ್ನಾಟಕದ ಮಾತಿನಲ್ಲಿ ‘ಹತ್ತಿದ್ದಾನೆ’ ಎಂಬುದು ‘ಹತ್ತ್ಯಾನ’, ‘ಹತ್ತಾನ’ ಎಂದಾಗುತ್ತದೆ. ಎರಡು ಪದಗಳು ಹತ್ತಿರ ಬಂದಾಗ ‘ಹ’ ಕಾರ ಬಿದ್ದು ‘ಮಾಡ್ಲಿಕ್ಕತ್ತಾನ’, ‘ಮಾಡ್ಲಾಕತ್ತಾನ’ ಆಗುತ್ತದೆ. ಕೊನೆಗೆ ‘ಕ’ ಕಾರವೂ ಬಿದ್ದು ‘ಮಾಡ್ಲತ್ತಾನ’ ಉಳಿಯುತ್ತದೆ. ಈ ರೂಪಗಳು ಇಂದೂ ಅಕ್ಕಪಕ್ಕದಲ್ಲೇ ಬದುಕಿವೆ. ಧಾರವಾಡದ ಕಡೆ ‘ಮಾಡಾಕತ್ತಾನ’ ಎಂಬುದು ಇದೇ ಮೂಲದ ಇನ್ನೊಂದು ಕವಲು.

ಇದು ಬರಿಯ ಅವಸರದ ಉಚ್ಚಾರವಲ್ಲ, ‘ಹತ್ತು’ ಇಲ್ಲಿ ಪ್ರತ್ಯಯವೇ ಆಗಿಬಿಟ್ಟಿದೆ ಎಂದು ತಿಳಿಯುವುದು ಹೇಗೆ? ಮೊದಲನೆಯ ಪರೀಕ್ಷೆ, ಆ ಧಾತುವನ್ನೇ ಮತ್ತೊಮ್ಮೆ ಬಳಸಿ ನೋಡುವುದು. ‘ಬಸ್ ಹತ್ತಲತ್ತಾನ’ ಎಂದರೆ ಬಸ್ ಏರುತ್ತಿದ್ದಾನೆ. ಮೊದಲ ‘ಹತ್ತು’ ಏರುವ ಕ್ರಿಯೆ, ಎರಡನೆಯದು ಕಾಲವನ್ನಷ್ಟೇ ಸೂಚಿಸುತ್ತದೆ. ಆಡುವವರಿಗೆ ಇದು ಒಂದೇ ಪದ ಎರಡು ಸಲ ಬಂದಂತೆ ಅನಿಸುವುದೇ ಇಲ್ಲ. ಎರಡನೆಯ ಪರೀಕ್ಷೆ ಅರ್ಥದ್ದು. ‘ಮಳಿ ಬರ್ಲಿಕ್ಕ ಹತ್ತಿತು’ ಎಂದು ಬಿಡಿಸಿ ಹೇಳಿದರೆ ಮಳೆ ಶುರುವಾಯಿತು ಎಂದರ್ಥ. ‘ಮಳಿ ಬರ್ಲತ್ತಿತ್ತು’ ಎಂದು ಕೂಡಿಸಿ ಹೇಳಿದರೆ ಮಳೆ ಬರುತ್ತಿತ್ತು ಎಂದರ್ಥ; ಅದು ಯಾವಾಗ ಶುರುವಾಯಿತೆಂಬ ಮಾತು ಅದರಲ್ಲಿಲ್ಲ. ಬಿಡಿಸಿದ ರೂಪದಲ್ಲಿ ತೊಡಗುವ ಅರ್ಥ ಉಳಿದಿದೆ, ಕುಗ್ಗಿದ ರೂಪದಲ್ಲಿ ಅಳಿಸಿಹೋಗಿದೆ. ಮೂರನೆಯದಾಗಿ, ಈ ರೂಪ ಎಲ್ಲ ಪುರುಷ, ಲಿಂಗ, ವಚನಗಳಿಗೂ ಹರಡಿದೆ: ಮಾಡ್ಲತ್ತೀನಿ, ಮಾಡ್ಲತ್ತಿ, ಮಾಡ್ಲತ್ತಾನ, ಮಾಡ್ಲತ್ತಾಳ, ಮಾಡ್ಲತ್ತಾರ, ಬರ್ಲತ್ತದ, ಬರ್ಲತ್ತಾವ. ಅಲ್ಲಿಗೆ ಅದು ಒಂದು ಪೂರ್ಣ ಆಖ್ಯಾತ ವ್ಯವಸ್ಥೆ.

ಹಾಗಾದರೆ ಬರಹದ ‘ಮಾಡುತ್ತಿದ್ದಾನೆ’ ಏನು? ಅದೂ ‘ಮಾಡುತ್ತ’ ಮತ್ತು ‘ಇದ್ದಾನೆ’ ಎಂಬ ಎರಡು ಪದಗಳು ಕೂಡಿ ಆದ ಸಂಕೋಚನ. ಒಂದು ಸೀಮೆಯ ಕನ್ನಡ ‘ಇರು’ ಧಾತುವಿನಿಂದ, ಇನ್ನೊಂದು ಸೀಮೆಯ ಕನ್ನಡ ‘ಹತ್ತು’ ಧಾತುವಿನಿಂದ ಒಂದೇ ಅಗತ್ಯವನ್ನು ಪೂರೈಸಿಕೊಂಡಿವೆ. ಮೊದಲನೆಯದು ಪಠ್ಯಪುಸ್ತಕಕ್ಕೆ ಸೇರಿದ್ದರಿಂದ ಶುದ್ಧವೆನಿಸಿತು, ಎರಡನೆಯದು ಸೇರದ್ದರಿಂದ ಅಶುದ್ಧವೆನಿಸಿತು. ರಚನೆಯಲ್ಲಿ ಒಂದು ಇನ್ನೊಂದಕ್ಕಿಂತ ಕೀಳೆನ್ನಲು ಯಾವ ಕಾರಣವೂ ಇಲ್ಲ.

ನಿಷೇಧದಲ್ಲೂ ಇಂಥದೇ ಇನ್ನೊಂದು ಸಂಕೋಚನವಿದೆ. ‘ಬರುವ ಹಾಗೆ ಇಲ್ಲ’ ಎಂಬುದು ‘ಬರಂಗಿಲ್ಲ’ ಎಂದಾಗಿ, ಬರಹದ ‘ಬರುವುದಿಲ್ಲ’ ಎಂಬುದಕ್ಕೆ ಸಮನಾಗಿ ನಿಂತಿದೆ. ಅದಕ್ಕೆ ‘ಅಂತ’ ಸೇರಿ ‘ಬರಂಗಿಲ್ಲಂತ’ ಆದರೆ, ಬರುವುದಿಲ್ಲವೆಂದು ಯಾರೋ ಹೇಳಿದರು, ನಾನು ಕೇಳಿದೆ ಎಂಬ ಅರ್ಥವೂ ಆ ಒಂದೇ ಪದದಲ್ಲಿ ತುಂಬುತ್ತದೆ.

ಸಂಕೋಚನಕ್ಕೆ ಮಿತಿಯೂ ಇದೆ. ಒತ್ತಿ ಹೇಳಬೇಕಾದಾಗ, ದೂರದವರನ್ನು ಕೂಗುವಾಗ, ಮಗುವಿಗೆ ತಿಳಿಸಿ ಹೇಳುವಾಗ ತುಂಬು ರೂಪಗಳು ಮರಳಿ ಬರುತ್ತವೆ. ಅಂದರೆ ಆಡುವವರ ಮನಸ್ಸಿನಲ್ಲಿ ಉದ್ದ ರೂಪವೂ ಗಿಡ್ಡ ರೂಪವೂ ಎರಡೂ ಇವೆ. ಸಂದರ್ಭ ನೋಡಿ ಆಯ್ದುಕೊಳ್ಳುತ್ತಾರೆ.

ಒಂದು ಸಂಭಾಷಣೆಯ ವಿಶ್ಲೇಷಣೆ

ಕಮಲಾಪುರ ತನ್ನ ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ಆ ಹಣ್ಣಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಇದೆ. ರಸ್ತೆ ಬದಿಯ ಹಣ್ಣಿನ ಅಂಗಡಿಯಲ್ಲಿ ವಯಸ್ಸಾದ ಗಿರಾಕಿ ಮತ್ತು ವ್ಯಾಪಾರಿಯ ನಡುವೆ ನಡೆಯುವಂಥ ಮಾತಿನ ಒಂದು ಮಾದರಿ ಹೀಗಿದೆ:

ಗಿರಾಕಿ: ಹೆಂಗ್ರಿ ಅಣ್ಣಾ, ಕೆಂಪ ಬಾಳಿ?
ವ್ಯಾಪಾರಿ: ಯಾವ್ದ್ರಿ ಯವ್ವಾ, ಇದಾ?
ಗಿರಾಕಿ: ಅದಲ್ಲ. ಅದು, ಆ ಕಡೀದು.
ವ್ಯಾಪಾರಿ: ಡಜನಕ ನೂರು.
ಗಿರಾಕಿ: ನೂರಾ? ಬ್ಯಾಡ ಬ್ಯಾಡ. ಜರಾ ಕಮ್ಮಿ ಮಾಡ್ರಿ… ಮಾಡಿ ಕೊಡ್ರಿ.
ವ್ಯಾಪಾರಿ: ಏನ್ ಕಮ್ಮಿ ಮಾಡ್ಲಿ ಯವ್ವಾ? ಈಗ ಬರ್ಲತ್ತಾವ ನೋಡ್ರಿ, ಹಣ್ಣ, ತ್ವಾಟದಿಂದ.
ಗಿರಾಕಿ: ಆಯ್ತು. ಅರ್ಧ ಡಜನ್. ಜಲ್ದಿ, ಬಸ್ ಬರ್ಲತ್ತದ.

‘ಹೆಂಗ್ರಿ’ ಎಂಬುದು ಬೆಲೆಯ ಪ್ರಶ್ನೆ, ಆದರೆ ಬೆಲೆ ಎಂಬ ಪದವಾಗಲಿ ಕ್ರಿಯಾಪದವಾಗಲಿ ಅದರಲ್ಲಿಲ್ಲ. ಅಂಗಡಿಯ ಮುಂದೆ ನಿಂತಿರುವುದೇ ಆ ಅರ್ಥವನ್ನು ಕೊಡುತ್ತದೆ. ಮೂರನೆಯ ಮಾತಿನಲ್ಲಿ ‘ಅದಲ್ಲ. ಅದು’ ಎಂದು ಒಂದೇ ಸರ್ವನಾಮ ಎರಡು ಬೇರೆ ಹಣ್ಣುಗಳನ್ನು ಸೂಚಿಸುತ್ತದೆ. ಕೈಬೆರಳು ಜೊತೆಗಿರುವುದರಿಂದ ಅಂಗಡಿಯಲ್ಲಿ ಇದು ಗೊಂದಲವಲ್ಲ. ಕಾಗದದ ಮೇಲೆ ಮಾತ್ರ ಗೊಂದಲ.

‘ನೂರಾ?’ ಎಂಬುದು ವ್ಯಾಪಾರಿಯ ಪದವನ್ನೇ ಹಿಡಿದು ‘ಆ’ ಸೇರಿಸಿ ಹಿಂತಿರುಗಿಸಿದ ಪುನರುಕ್ತಿ. ಆಕೆಗೆ ಬೆಲೆ ಕೇಳಿಸಿದೆ, ಒಪ್ಪಿಗೆಯಿಲ್ಲ. ‘ಬ್ಯಾಡ ಬ್ಯಾಡ’ ಎಂಬ ಜೋಡಿ ಒಂದೇ ‘ಬ್ಯಾಡ’ದಷ್ಟು ಕಟುವಲ್ಲ. ಒಂದೇ ಸಲ ಹೇಳಿ ತಿರುಗಿದರೆ ಚೌಕಾಸಿ ಮುಗಿದಂತೆ. ಎರಡು ಸಲ ಬೇಗಬೇಗ ಹೇಳಿದರೆ ಮಾತು ಇನ್ನೂ ನಡೆಯಲಿದೆ ಎಂದು ವ್ಯಾಪಾರಿ ತಿಳಿಯುತ್ತಾನೆ. ಅದರ ಹಿಂದೆಯೇ ‘ಮಾಡ್ರಿ… ಮಾಡಿ ಕೊಡ್ರಿ’ ಎಂಬ ತಿದ್ದುಪಡಿ ಬಂದಿದೆ. ನೇರ ವಿಧಿರೂಪ ಬಾಯಿಗೆ ಬಂದ ಮೇಲೆ ಆಕೆ ಅದಕ್ಕೆ ‘ಕೊಡು’ ಸೇರಿಸಿ, ನನಗಾಗಿ ಮಾಡಿ ಎಂಬ ಕೋರಿಕೆಯಾಗಿ ತಿರುಗಿಸಿದ್ದಾಳೆ. ಇಮ್ಯಾನುಯೆಲ್ ಶೆಗ್ಲಾಫ್, ಗೇಲ್ ಜೆಫರ್ಸನ್ ಮತ್ತು ಹಾರ್ವೆ ಸ್ಯಾಕ್ಸ್ 1977ರ ಲೇಖನವೊಂದರಲ್ಲಿ ಇಂಥ ತಿದ್ದುಪಡಿಯ ಕ್ರಮವನ್ನು ವಿವರಿಸಿದರು: ಮಾತಿನಲ್ಲಿ ಆಡಿದವರೇ ತಮ್ಮನ್ನು ತಿದ್ದಿಕೊಳ್ಳುವುದು ಹೆಚ್ಚು, ಎದುರಿನವರು ತಿದ್ದುವುದು ಕಡಿಮೆ. ಇಲ್ಲಿಯೂ ವ್ಯಾಪಾರಿ ಏನೂ ಹೇಳುವ ಮೊದಲೇ ಆಕೆ ತಿದ್ದಿಕೊಂಡಿದ್ದಾಳೆ.

ವ್ಯಾಪಾರಿಯ ಕೊನೆಯ ಮಾತಿನಲ್ಲಿ ಕ್ರಿಯಾಪದ ಮೊದಲು ಬಂದು, ‘ಹಣ್ಣ’, ‘ತ್ವಾಟದಿಂದ’ ಎಂಬ ಎರಡು ಪದಗಳು ಅದರ ಹಿಂದೆ ಸಾಲಾಗಿ ನಿಂತಿವೆ. ಹಣ್ಣು ತಾಜಾ ಎಂಬುದು ಅವನ ವಾದ. ಆದ್ದರಿಂದ ‘ಈಗ ಬರ್ಲತ್ತಾವ’ ಎಂಬುದೇ ಮೊದಲು ಹೊರಬರಬೇಕು. ಬಹುವಚನದ ‘-ಆವ’ ಕ್ರಿಯಾಪದದಲ್ಲೇ ಇರುವುದರಿಂದ ‘ಹಣ್ಣ’ ಎಂಬುದಕ್ಕೆ ‘ಗಳು’ ಬೇಕಿಲ್ಲ.

ಈ ಮಾತುಕತೆಯನ್ನು ಬರಹದ ಗದ್ಯವಾಗಿಸಿದರೆ ಹೀಗಾಗಬಹುದು: ‘ಕೆಂಪು ಬಾಳೆಹಣ್ಣಿನ ಬೆಲೆ ಡಜನ್‌ಗೆ ನೂರು ರೂಪಾಯಿ ಎಂದು ವ್ಯಾಪಾರಿ ತಿಳಿಸಿದಾಗ, ವೃದ್ಧೆಯು ಬೆಲೆಯನ್ನು ಕಡಿಮೆ ಮಾಡುವಂತೆ ಕೋರಿದಳು. ಹಣ್ಣುಗಳು ತೋಟದಿಂದ ಈಗಷ್ಟೇ ಬರುತ್ತಿರುವುದರಿಂದ ಅದು ಸಾಧ್ಯವಿಲ್ಲವೆಂದು ಅವನು ಹೇಳಿದನು.’ ವಿಷಯ ಉಳಿದಿದೆ, ಅಂಗಡಿಯಲ್ಲಿಲ್ಲದ ಓದುಗನಿಗೂ ತಿಳಿಯುತ್ತದೆ. ಇದು ಬರಹದ ಶಕ್ತಿ. ಅದಕ್ಕಾಗಿ ಕರ್ತೃ, ವಿಭಕ್ತಿ, ಬಹುವಚನ, ಕಾರಣ ಎಲ್ಲವನ್ನೂ ಪದಗಳಲ್ಲಿ ತುಂಬಬೇಕಾಯಿತು. ‘ಈಗ ಬರ್ಲತ್ತಾವ’ ಮತ್ತು ‘ಕಮ್ಮಿ ಮಾಡಲಾರೆ’ ಇವುಗಳ ನಡುವಣ ‘ಆದ್ದರಿಂದ’ ಮಾತಿನಲ್ಲಿ ಎಲ್ಲೂ ಇರಲಿಲ್ಲ. ಬರಹ ಅದನ್ನು ಹೇಳಲೇಬೇಕಾಯಿತು.

ಮಾತನ್ನು ಬರಹಕ್ಕೆ ಇಳಿಸುವಾಗ

ಸಾಕ್ಷಿಯ ಹೇಳಿಕೆ, ದೂರು, ಸಂದರ್ಶನ, ಜನಪದ ಕಥೆಗಳ ಸಂಗ್ರಹ ಇವೆಲ್ಲದರಲ್ಲೂ ಮಾತನ್ನು ಬರಹವಾಗಿಸುವ ಕೆಲಸ ನಡೆಯುತ್ತದೆ. ಎರಡು ವ್ಯಾಕರಣಗಳ ವ್ಯತ್ಯಾಸ ತಿಳಿಯದಿದ್ದರೆ ಇಲ್ಲಿ ಅರ್ಥವೇ ಬದಲಾದೀತು. ‘ಅವ ಬರಂಗಿಲ್ಲಂತ’ ಎಂದವರ ಮಾತನ್ನು ‘ಅವನು ಬರುವುದಿಲ್ಲ’ ಎಂದು ಬರೆದುಕೊಂಡರೆ, ಕೇಳಿ ತಿಳಿದ ಸುದ್ದಿ ಸ್ವತಃ ಬಲ್ಲ ಸಂಗತಿಯಾಗಿ ದಾಖಲಾಗುತ್ತದೆ. ‘ಬಡದಾಡ್ಲತ್ತಿದ್ರು’ ಎಂಬುದನ್ನು ‘ಹೊಡೆದಾಡಲು ಆರಂಭಿಸಿದರು’ ಎಂದು ಬರೆದರೆ, ಹೇಳಿದವರು ಜಗಳದ ಆರಂಭವನ್ನೇ ಕಂಡರೆಂಬ ತಪ್ಪು ಅರ್ಥ ಹುಟ್ಟುತ್ತದೆ. ಅವರು ಹೇಳಿದ್ದು ತಾವು ನೋಡುವಾಗ ಜಗಳ ನಡೆದಿತ್ತು ಎಂದಷ್ಟೇ.

ಲಿಪಿಯ ತೊಡಕೂ ಇದೆ. ಈ ಭಾಗದ ‘ಬ್ಯಾಡ’, ‘ಪ್ಯಾಟಿ’, ‘ಮ್ಯಾಲ’ ಪದಗಳಲ್ಲಿ ಕೇಳಿಬರುವ ಸ್ವರಕ್ಕೆ ಕನ್ನಡ ವರ್ಣಮಾಲೆಯಲ್ಲಿ ಸ್ವಂತ ಅಕ್ಷರವಿಲ್ಲ. ‘ಯ’ ಒತ್ತಿಗೆ ದೀರ್ಘ ಕೊಟ್ಟು ಅದನ್ನು ಸೂಚಿಸುತ್ತೇವೆ. ಪದದ ಕೊನೆಯಲ್ಲಿ ಅರ್ಧ ನುಂಗಿದ ಸ್ವರವನ್ನು ಒಬ್ಬರು ‘ಹಣ್ಣ’ ಎಂದೂ ಇನ್ನೊಬ್ಬರು ‘ಹಣ್’ ಎಂದೂ ಬರೆಯುತ್ತಾರೆ. ಸ್ಥಿರವಾದ ಕಾ‌ಗುಣಿತ ಇಲ್ಲದ ಕಾರಣ, ಬರೆದುಕೊಳ್ಳುವವರು ಒಂದು ಕ್ರಮವನ್ನು ಆಯ್ದು ಮೊದಲಿನಿಂದ ಕೊನೆಯವರೆಗೆ ಅದನ್ನೇ ಪಾಲಿಸಬೇಕು. ಬಿಡುವುಗಳನ್ನೂ ಗುರುತಿಸಬೇಕು, ‘ಮನಿ ಮನಿಗಿ’ಗೂ ‘ಮನಿಗಿ… ಮನಿಗಿ’ಗೂ ಇರುವ ವ್ಯತ್ಯಾಸ ಆಗ ಮಾತ್ರ ಉಳಿಯುತ್ತದೆ.

ಸಾಹಿತ್ಯ ಈ ಸಮಸ್ಯೆಯನ್ನು ತನ್ನದೇ ರೀತಿಯಲ್ಲಿ ಎದುರಿಸಿದೆ. ಕಲಬುರಗಿಯ ಲೇಖಕಿ ಗೀತಾ ನಾಗಭೂಷಣ ತಮ್ಮ ಕಾದಂಬರಿಗಳಲ್ಲಿ ಈ ನೆಲದ ಮಾತನ್ನು ಬಳಸಿದರು. ಅವರ ‘ಬದುಕು’ ಕಾದಂಬರಿಗೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆದರೆ ಕಾದಂಬರಿಯ ಸಂಭಾಷಣೆಯನ್ನು ಆಡುಮಾತಿನ ನೇರ ದಾಖಲೆಯೆಂದು ಭಾವಿಸಬಾರದು. ಬರಹಗಾರರು ಸಾಮಾನ್ಯವಾಗಿ ಪದರೂಪಗಳನ್ನು ಉಳಿಸಿಕೊಂಡು ತಡಕಾಟ, ತಿದ್ದುಪಡಿ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುವುದು ಇವನ್ನು ಬಿಟ್ಟುಬಿಡುತ್ತಾರೆ. ಓದುಗನ ಕಣ್ಣು ಅವನ್ನೆಲ್ಲ ಹೊರಲಾರದು.

ಅಧ್ಯಯನ

ಕನ್ನಡದ ಆಡುಮಾತನ್ನು ಅದರದೇ ನೆಲೆಯಲ್ಲಿ ವಿವರಿಸುವ ಕೆಲಸ 20ನೆಯ ಶತಮಾನದ ನಡುವಿನಲ್ಲಿ ಗಟ್ಟಿಯಾಯಿತು. ವಿಲಿಯಂ ಬ್ರೈಟ್ 1958ರಲ್ಲಿ ಆಡುಗನ್ನಡದ ರೂಪರೇಷೆಯನ್ನು ಪ್ರಕಟಿಸಿದರು. ಆರ್. ಮಹಾದೇವನ್ ಅವರು ಗುಲ್ಬರ್ಗ ಕನ್ನಡದ ಧ್ವನಿ ಮತ್ತು ಪದಗಳ ಕುರಿತು ಮಾಡಿದ ಅಧ್ಯಯನವನ್ನು ಪುಣೆಯ ಡೆಕ್ಕನ್ ಕಾಲೇಜು 1968ರಲ್ಲಿ ಹೊರತಂದಿತು. ಯು.ಪಿ. ಉಪಾಧ್ಯಾಯ ಅವರ 1976ರ ಗ್ರಂಥ ಬಳ್ಳಾರಿ, ಗುಲ್ಬರ್ಗ, ಕುಮಟಾ ಮತ್ತು ನಂಜನಗೂಡುಗಳ ನುಡಿಗಳನ್ನು ಹೋಲಿಸಿತು. ಕನ್ನಡ ವ್ಯಾಕರಣವನ್ನು ಸಂಸ್ಕೃತದ ಚೌಕಟ್ಟಿನಿಂದ ಬಿಡಿಸಿ ಕನ್ನಡದ ಬಳಕೆಯಿಂದಲೇ ಕಟ್ಟಬೇಕೆಂದು ಡಿ.ಎನ್. ಶಂಕರ ಭಟ್ಟರು ವಾದಿಸಿದರು.

ಇವುಗಳಲ್ಲಿ ಹೆಚ್ಚಿನವು ಧ್ವನಿ, ಪದ, ಪ್ರತ್ಯಯಗಳ ಮಟ್ಟದಲ್ಲಿ ನಿಲ್ಲುತ್ತವೆ. ಒಬ್ಬ ವ್ಯಕ್ತಿಯನ್ನು ಕೂರಿಸಿ ‘ಇದಕ್ಕೆ ನೀವು ಏನನ್ನುತ್ತೀರಿ’ ಎಂದು ಕೇಳಿ ಸಂಗ್ರಹಿಸಿದಾಗ ಪದರೂಪಗಳು ಸಿಗುತ್ತವೆ. ತುಣುಕು, ತಿದ್ದುಪಡಿ, ಹಿಂದಿನಿಂದ ಜೋಡಿಸಿದ ಪದಗಳು ಸಿಗುವುದಿಲ್ಲ. ಹಾಗೆ ಕೇಳಿದಾಗ ಜನ ತುಂಬು ರೂಪವನ್ನೇ ಹೇಳುತ್ತಾರೆ. ‘ಮಾಡ್ಲತ್ತಾನ’ ಎಂದು ದಿನವಿಡೀ ಆಡುವವರೂ ‘ಮಾಡ್ಲಿಕ್ಕೆ ಹತ್ತಾನ’ ಎಂದು ಬಿಡಿಸಿ ಉತ್ತರಿಸಬಹುದು. ಆಡುಮಾತಿನ ವಾಕ್ಯರಚನೆಗೆ ಬೇಕಾದದ್ದು ಜನ ತಮ್ಮತಮ್ಮಲ್ಲೇ ಆಡಿಕೊಂಡ ಮಾತಿನ ಧ್ವನಿಮುದ್ರಣ, ಅವರ ಒಪ್ಪಿಗೆ, ಮತ್ತು ಬಿಡುವು-ಏರಿಳಿತಗಳನ್ನೂ ಗುರುತಿಸಿದ ಬರಹರೂಪ. ಶಾಲೆಯಲ್ಲಿ ಇದರ ಉಪಯೋಗ ನೇರವಾಗಿದೆ. ‘ಮಾಡ್ಲತ್ತಾನ’ ಎಂದು ಬರೆದ ಮಗುವಿಗೆ ಅದು ತಪ್ಪೆಂದು ಹೇಳುವ ಬದಲು, ‘ಹತ್ತು’ವಿನಿಂದ ಆದ ನಿನ್ನ ರೂಪಕ್ಕೆ ಬರಹದಲ್ಲಿ ‘ಇರು’ವಿನಿಂದ ಆದ ರೂಪ ಸಮ ಎಂದು ಶಿಕ್ಷಕರು ಪಕ್ಕಪಕ್ಕದಲ್ಲಿಟ್ಟು ತೋರಿಸಬಹುದು. ಮಗು ಆಗ ಕಲಿಯುವುದು ಎರಡನೆಯ ಒಂದು ವ್ಯವಸ್ಥೆಯನ್ನು, ಮೊದಲನೆಯದನ್ನು ಬಿಟ್ಟುಕೊಡಬೇಕಾಗಿಲ್ಲ.